ಎಂಟು ಕಣಗಳ ಎರಡು ತೂಕ

1932ರ ಏಪ್ರಿಲ್ 14ರಂದು, ಕೇಂಬ್ರಿಡ್ಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಅರ್ನೆಸ್ಟ್ ವಾಲ್ಟನ್ ಎಂಬ ಐರಿಷ್ ಯುವಕ ಸೀಸದ ಹೊದಿಕೆಯ ಪುಟ್ಟ ಗೂಡಿನೊಳಗೆ ತೆವಳಿಕೊಂಡು ಹೋಗಿ, ಸತುವಿನ ಸಲ್ಫೈಡ್ ಲೇಪಿಸಿದ ಪರದೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಪರದೆಯ ತುಂಬ ಮಿಂಚುಹುಳದಂಥ ಚುಕ್ಕೆಗಳು. ಸಹೋದ್ಯೋಗಿ ಜಾನ್ ಕಾಕ್‌ಕ್ರಾಫ್ಟ್ ಬಂದು ನೋಡಿದರು, ಆಮೇಲೆ ಗುರು ರುದರ್‌ಫರ್ಡ್ ಬಂದರು. ಆಲ್ಫಾ ಕಣಗಳ ಮಿನುಗನ್ನು ಬಲ್ಲವರು ಅವರಿಗಿಂತ ಬೇರೆ ಯಾರೂ ಇರಲಿಲ್ಲ. ಇವು ಆಲ್ಫಾ ಕಣಗಳೇ, ಅಂದರೆ ಹೀಲಿಯಂನ ನ್ಯೂಕ್ಲಿಯಸ್‌ಗಳೇ ಎಂದು ಅವರು ಗುರುತಿಸಿದರು.

ಆಗಿದ್ದು ಇಷ್ಟು. ವಿದ್ಯುತ್ತಿನಿಂದ ವೇಗ ಪಡೆದ ಪ್ರೋಟಾನ್ ಒಂದು ಲಿಥಿಯಂ ನ್ಯೂಕ್ಲಿಯಸ್ಸಿಗೆ ಹೊಕ್ಕಿತು. ಅದು ಸರಿಯಾಗಿ ಎರಡು ಹೀಲಿಯಂ ತುಂಡುಗಳಾಗಿ ಸೀಳಿತು. ಒಳಗೆ ಹೋದ ಪ್ರೋಟಾನಿನ ಶಕ್ತಿ ಒಂದು ಮಿಲಿಯನ್ ಎಲೆಕ್ಟ್ರಾನ್ ವೋಲ್ಟಿಗಿಂತಲೂ ಕಡಿಮೆ. ಹೊರಬಂದ ಎರಡು ತುಂಡುಗಳ ಶಕ್ತಿ ಒಟ್ಟು 17.2 ಮಿಲಿಯನ್. ಈ ಮಾನವನ್ನು ಇನ್ನು ಮುಂದೆ ಎಂಇವಿ ಎನ್ನೋಣ. ಇಷ್ಟೊಂದು ಶಕ್ತಿ ಎಲ್ಲಿಂದ ಬಂತು? ಉತ್ತರ ಪರಮಾಣು ದ್ರವ್ಯರಾಶಿಗಳ ಕೋಷ್ಟಕದಲ್ಲಿದೆ. ಕೂಡುವುದು, ಕಳೆಯುವುದು, ಒಂದು ಗುಣಾಕಾರ ಬಂದರೆ ಸಾಕು.

ಕೋಷ್ಟಕದಲ್ಲಿ ಬಳಸುವುದು ಪರಮಾಣು ದ್ರವ್ಯರಾಶಿ ಏಕಮಾನ. ಇಂಗಾಲ-12ರ ಒಂದು ಪರಮಾಣುವಿನ ಹನ್ನೆರಡನೇ ಒಂದು ಪಾಲು. ಈ ಏಕಮಾನದಲ್ಲಿ ಲಿಥಿಯಂ-7 ತೂಗುವುದು 7.016003, ಹೈಡ್ರೋಜನ್ 1.007825, ಹೀಲಿಯಂ-4 ತೂಗುವುದು 4.002603. ಮೊದಲು ಇದ್ದದ್ದನ್ನು ಕೂಡಿ: 8.023828. ಕೊನೆಗೆ ಉಳಿದದ್ದನ್ನು ಕೂಡಿ: ಎರಡು ಹೀಲಿಯಂ, 8.005206. ಎಂಟೇ ಕಣಗಳು, ನಾಲ್ಕು ಪ್ರೋಟಾನ್ ಮತ್ತು ನಾಲ್ಕು ನ್ಯೂಟ್ರಾನ್, ಮೊದಲೂ ಇದ್ದವು, ಕೊನೆಗೂ ಇವೆ. ಆದರೂ ತೂಕದಲ್ಲಿ 0.018622 ಕಡಿಮೆ ಬಿದ್ದಿದೆ. ಒಂದು ಏಕಮಾನ ರಾಶಿ 931.494 ಎಂಇವಿ ಶಕ್ತಿಗೆ ಸಮ. ಗುಣಿಸಿದರೆ 17.35 ಎಂಇವಿ. ಕ್ಯಾವೆಂಡಿಶ್‌ನಲ್ಲಿ ಅಳೆದದ್ದು 17.2.

ಇಂದು ಈ ಹೊಂದಾಣಿಕೆ ಸಲೀಸಾಗಿ ಕಾಣುತ್ತದೆ. ಅಂದು ಹಾಗಿರಲಿಲ್ಲ. ಆಗ ಲಿಥಿಯಂನ ರಾಶಿಯೇ ಸರಿಯಾಗಿ ಗೊತ್ತಿರಲಿಲ್ಲ. ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ತಮ್ಮ ಪ್ರಬಂಧದಲ್ಲಿ ಲೆಕ್ಕ ಹಾಕಿ ಬರೆದದ್ದು 14.3 ಎಂಇವಿ, ಅದರಲ್ಲೂ ಮೇಲೆ ಕೆಳಗೆ 2.7ರಷ್ಟು ಅನುಮಾನ. ಅಳೆದ ಶಕ್ತಿ ಆ ಅನುಮಾನದ ಅಂಚಿಗೆ ಬಂದು ನಿಂತಿತ್ತು. ಮರುವರ್ಷ ಕೆನೆತ್ ಬೈನ್‌ಬ್ರಿಡ್ಜ್ ಲಿಥಿಯಂ ರಾಶಿಯನ್ನು ಇನ್ನಷ್ಟು ನಿಖರವಾಗಿ ಅಳೆದ ಮೇಲೆ ಎರಡೂ ಸಂಖ್ಯೆಗಳು ಹತ್ತಿರ ಬಂದವು. ಐನ್‌ಸ್ಟೈನರ ಸಮೀಕರಣವನ್ನು ಪ್ರಯೋಗಾಲಯದಲ್ಲಿ ಒರೆಗೆ ಹಚ್ಚಿದ್ದು ಹೀಗೆ. ತಕ್ಕಡಿಯ ಕೆಲಸ ಇಲ್ಲಿ ಯಂತ್ರದ ಕೆಲಸಕ್ಕಿಂತ ಕಡಿಮೆಯದೇನಲ್ಲ ಎಂಬುದು ನನ್ನ ಅಭಿಪ್ರಾಯ.

ಇದೇ ಲೆಕ್ಕವನ್ನು ಇನ್ನೊಂದು ದಾರಿಯಿಂದಲೂ ಮಾಡಬಹುದು, ಕಾರಣ ಅಲ್ಲಿ ತಿಳಿಯುತ್ತದೆ. ಹೀಲಿಯಂ ಅನ್ನು ಬಿಡಿಬಿಡಿಯಾಗಿ ತೂಗೋಣ. ಎರಡು ಹೈಡ್ರೋಜನ್ ಪರಮಾಣು, ತಲಾ 1.008665 ತೂಗುವ ಎರಡು ನ್ಯೂಟ್ರಾನ್, ಕೂಡಿದರೆ 4.032980. ಕಟ್ಟಿದ ಹೀಲಿಯಂ ಮಾತ್ರ 4.002603. ಈ 0.030377 ವ್ಯತ್ಯಾಸವೇ ಹೀಲಿಯಂನ ದ್ರವ್ಯರಾಶಿ ಕೊರತೆ. ಶಕ್ತಿಗೆ ತಿರುಗಿಸಿದರೆ 28.296 ಎಂಇವಿ, ಇದು ಬಂಧನ ಶಕ್ತಿ. ನಾಲ್ಕು ನ್ಯೂಕ್ಲಿಯಾನ್‌ಗಳಿಗೆ ಹಂಚಿದರೆ ತಲಾ 7.074. ಲಿಥಿಯಂ-7ಕ್ಕೂ ಹೀಗೇ ಮಾಡಿದರೆ ಕೊರತೆ 0.042132, ಬಂಧನ ಶಕ್ತಿ 39.245 ಎಂಇವಿ, ತಲಾ 5.606.

ಬಂಧನ ಶಕ್ತಿ ಎಂಬ ಹೆಸರು ಕೇಳಿದವರು ಅದು ನ್ಯೂಕ್ಲಿಯಸ್ಸಿನೊಳಗೆ ಕೂಡಿಟ್ಟ ಶಕ್ತಿ ಎಂದುಕೊಳ್ಳುತ್ತಾರೆ. ನಿಜ ಅದಕ್ಕೆ ತಿರುಗುಮುರುಗು. ಅದು ಕಟ್ಟುವಾಗಲೇ ಹೊರಗೆ ಹೋಗಿಬಿಟ್ಟ ಶಕ್ತಿ. ಬಾವಿಗೆ ಬಿದ್ದ ಕೊಡದಂತೆ: ಬಾವಿ ಆಳವಿದ್ದಷ್ಟೂ ಕೊಡವನ್ನು ಮೇಲೆತ್ತಲು ಹೆಚ್ಚು ಶ್ರಮ ಬೇಕು. ಹೀಲಿಯಂ ಆಳದ ಬಾವಿ, ಲಿಥಿಯಂ ಅಷ್ಟು ಆಳವಿಲ್ಲದ್ದು. ಆಳ ಕಡಿಮೆಯಿದ್ದಲ್ಲಿಂದ ಹೆಚ್ಚು ಆಳಕ್ಕೆ ಇಳಿಯುವಾಗ ಶಕ್ತಿ ಹೊರಬರುತ್ತದೆ. ಕಬ್ಬಿಣ ಮತ್ತು ನಿಕಲ್‌ಗಳ ಬಳಿ ತಲಾ ಸುಮಾರು 8.8 ಎಂಇವಿ ಇದ್ದು, ಅಲ್ಲಿಗೆ ಬಾವಿ ತಳ ಮುಟ್ಟುತ್ತದೆ. ಯುರೇನಿಯಂ-235ರಲ್ಲಿ ಅದು ಮತ್ತೆ 7.6ಕ್ಕೆ ಏರಿ ನಿಲ್ಲುತ್ತದೆ. ಆದ್ದರಿಂದ ಹಗುರವಾದವು ಸಾಮಾನ್ಯವಾಗಿ ಕೂಡಿಕೊಂಡಾಗ, ತೀರಾ ಭಾರದವು ಒಡೆದಾಗ ಶಕ್ತಿ ಸಿಗುತ್ತದೆ. ಲಿಥಿಯಂ ಹಗುರ, ಪ್ರೋಟಾನನ್ನು ಕೂಡಿಸಿಕೊಂಡ ಮೇಲೆ ಅದು ಒಡೆಯಿತು. ಹೆಸರು ಏನೇ ಇಡಲಿ, ಲೆಕ್ಕ ಒಂದೇ.

ಒಟ್ಟು ಬಂಧನ ಶಕ್ತಿಯಿಂದ ಮರಳಿ 17.35 ತೆಗೆಯೋಣ. ಕೊನೆಗೆ ಇರುವುದು ಎರಡು ಹೀಲಿಯಂ, 56.592. ಮೊದಲು ಇದ್ದದ್ದು ಲಿಥಿಯಂನ 39.245, ಪ್ರೋಟಾನಿನದು ಸೊನ್ನೆ. ಕಳೆದರೆ 17.347. ಇಲ್ಲಿ ಪರೀಕ್ಷೆಯಲ್ಲಿ ಮಾಡುವ ಒಂದು ತಪ್ಪು ಉಂಟು. 7.074ರಿಂದ 5.606 ಕಳೆದು, ಎಂಟರಿಂದ ಗುಣಿಸಿ 11.7 ಎಂದು ಬರೆದುಬಿಡುತ್ತಾರೆ. ಒಂಟಿ ಪ್ರೋಟಾನಿಗೆ ಯಾವ ಬಂಧನವೂ ಇಲ್ಲ ಎಂಬುದನ್ನು ಅವರು ಮರೆತಿರುತ್ತಾರೆ. ಅದನ್ನೂ ಸೇರಿಸಿದರೆ ಮೊದಲಿನ ಸರಾಸರಿ 39.245ನ್ನು ಎಂಟರಿಂದ ಭಾಗಿಸಿದ್ದು, ಅಂದರೆ 4.906. ಆಗ ವ್ಯತ್ಯಾಸ 2.168, ಎಂಟರಿಂದ ಗುಣಿಸಿದರೆ 17.3.

ಎಲೆಕ್ಟ್ರಾನ್‌ಗಳ ತಕರಾರೂ ಒಂದಿದೆ. ಕೋಷ್ಟಕ ಕೊಡುವುದು ಇಡೀ ಪರಮಾಣುವಿನ ರಾಶಿಯನ್ನು, ಎಲೆಕ್ಟ್ರಾನ್‌ಗಳ ಸಮೇತ. ನಮಗೆ ಬೇಕಾದದ್ದು ನ್ಯೂಕ್ಲಿಯಸ್. ಆದರೂ ಲೆಕ್ಕ ಸರಿಹೋಗುತ್ತದೆ, ಏಕೆಂದರೆ ಲಿಥಿಯಂನ ಮೂರು ಮತ್ತು ಹೈಡ್ರೋಜನ್‌ನ ಒಂದು ಸೇರಿ ನಾಲ್ಕು. ಎರಡು ಹೀಲಿಯಂಗಳಲ್ಲೂ ನಾಲ್ಕು. ಎರಡೂ ಕಡೆ ವಜಾ. ಒಂದು ಕಡೆ ಪರಮಾಣು, ಇನ್ನೊಂದು ಕಡೆ ಬರೀ ನ್ಯೂಕ್ಲಿಯಸ್ ಹಾಕಿದರೆ ಮಾತ್ರ ಕೆಟ್ಟಿತು. ಆಲ್ಫಾ ಕಣ ಎಂದ ಕೂಡಲೇ ಅದರ ಬರಿಯ ರಾಶಿ 4.001506 ಹುಡುಕಿ ಹಾಕುವವರಿದ್ದಾರೆ. ಆಗ ನಾಲ್ಕು ಎಲೆಕ್ಟ್ರಾನ್‌ಗಳ ತೂಕ, ಅಂದರೆ 2.04 ಎಂಇವಿ ಹೆಚ್ಚುವರಿಯಾಗಿ ಸೇರಿ, ಉತ್ತರ 19.4 ಬರುತ್ತದೆ. ಪಾಸಿಟ್ರಾನ್ ಹೊರಹೊಮ್ಮುವ ಕ್ಷಯದಲ್ಲಿ ಎಲೆಕ್ಟ್ರಾನ್‌ಗಳು ತಾವಾಗಿ ವಜಾ ಆಗುವುದಿಲ್ಲ. ಅಲ್ಲಿ ಎರಡು ಎಲೆಕ್ಟ್ರಾನ್ ರಾಶಿಯನ್ನು ಬೇರೆಯಾಗಿ ಕಳೆಯಲೇಬೇಕು.

ದಶಮಾಂಶಗಳನ್ನು ಬೇಗ ಕತ್ತರಿಸುವುದೂ ಅಷ್ಟೇ ಅಪಾಯ. ಎರಡೇ ಸ್ಥಾನ ಉಳಿಸಿಕೊಂಡರೆ 7.02 ಮತ್ತು 1.01ರಿಂದ 8.00 ಕಳೆದು 0.03 ಬರುತ್ತದೆ, ಅಂದರೆ ಸುಮಾರು 28 ಎಂಇವಿ. ದೊಡ್ಡ ಸಂಖ್ಯೆಗಳ ನಡುವಿನ ಸಣ್ಣ ವ್ಯತ್ಯಾಸವನ್ನು ಹುಡುಕುತ್ತಿದ್ದೇವೆ. ಉತ್ತರ ಇರುವುದು ಆ ಬಾಲದಲ್ಲೇ. ಹೀಗಾಗಿ ಆರು ಸ್ಥಾನಗಳನ್ನೂ ಕೊನೆಯವರೆಗೆ ಉಳಿಸಿಕೊಳ್ಳಬೇಕು.

ಕಡೆಗೆ ಹೋದ ರಾಶಿ ಎಷ್ಟು? ಮೊದಲಿನ ತೂಕದಲ್ಲಿ ಸಾವಿರಕ್ಕೆ ಎರಡು ಪಾಲಿಗಿಂತ ತುಸು ಹೆಚ್ಚು. ಒಂದು ಇಂಗಾಲದ ಪರಮಾಣು ಉರಿದಾಗ ಬರುವುದು ಸುಮಾರು 4 ಎಲೆಕ್ಟ್ರಾನ್ ವೋಲ್ಟ್. ಇಲ್ಲಿ ಬಂದದ್ದು 1 ಕೋಟಿ 73 ಲಕ್ಷಕ್ಕೂ ಮೇಲೆ. ಹಾಗೆಂದು ಆ ಯಂತ್ರದಿಂದ ಯಾರೂ ದೀಪ ಹಚ್ಚಲಿಲ್ಲ. ಹಾರಿಸಿದ ಕೋಟಿಗಟ್ಟಲೆ ಪ್ರೋಟಾನ್‌ಗಳಲ್ಲಿ ಗುರಿ ಮುಟ್ಟುತ್ತಿದ್ದದ್ದು ಬೆರಳೆಣಿಕೆಯಷ್ಟು; ಉಳಿದವುಗಳ ಶಕ್ತಿ ಲೋಹವನ್ನು ಬಿಸಿ ಮಾಡುವುದರಲ್ಲೇ ಮುಗಿಯುತ್ತಿತ್ತು. ರಾಶಿಯ ಲೆಕ್ಕ ಎಷ್ಟು ಶಕ್ತಿ ಬರುತ್ತದೆ ಎಂದು ಹೇಳುತ್ತದೆಯೇ ಹೊರತು, ಕ್ರಿಯೆ ಎಷ್ಟು ಸಲ ನಡೆದೀತು ಎಂದು ಹೇಳುವುದಿಲ್ಲ. ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್‌ಗೆ 1951ರಲ್ಲಿ ನೊಬೆಲ್ ಬಂತು.

ಲೆಕ್ಕ ಕೈಗೆ ಹತ್ತಿತೋ ಎಂದು ನೋಡಿಕೊಳ್ಳಲು ಒಂದು ಕ್ರಿಯೆ ಕೊಡುತ್ತೇನೆ. ಡ್ಯೂಟೀರಿಯಂ 2.014102, ಟ್ರಿಟಿಯಂ 3.016049; ಇವು ಸೇರಿ ಒಂದು ಹೀಲಿಯಂ-4 ಮತ್ತು ಒಂದು ನ್ಯೂಟ್ರಾನ್ ಆಗುತ್ತವೆ. ಕಾಗದ ತೆಗೆದುಕೊಂಡು ಮಾಡಿ ನೋಡಿ, 17.6 ಎಂಇವಿ ಬರಬೇಕು.