ಹಾಲು ಬತ್ತಿಸುವ ದಿನದ ಅಂಕ

ಹೈನುಗಾರರ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತೊಂದಿದೆ: "ಈಗ ಹಸು ಸೊರಗಿದೆ, ಇರಲಿ ಬಿಡಿ ಸಾರ್. ಬತ್ತಿಸಿದ ಮೇಲೆ ಎರಡು ತಿಂಗಳು ಚೆನ್ನಾಗಿ ತಿನ್ನಿಸಿದ್ರೆ ಕರು ಹಾಕೋ ಹೊತ್ತಿಗೆ ಮೈ ತುಂಬ್ಕೊಳ್ಳುತ್ತೆ." ಹಾಲು ಕರೆಯುವುದು ನಿಂತ ಮೇಲೆ ತಿಂದದ್ದೆಲ್ಲ ಮೈಗೇ ಹತ್ತುತ್ತದೆ ಎಂಬ ಲೆಕ್ಕ ಅದರ ಹಿಂದಿದೆ. ಆದರೆ ಹಸುವಿನ ಮೈ ಆ ಲೆಕ್ಕದಂತೆ ನಡೆಯುವುದಿಲ್ಲ. ಕರು ಹಾಕುವ ದಿನ ಹಸು ಯಾವ ಮೈಕಟ್ಟಿನಲ್ಲಿರಬೇಕೋ, ಅದಕ್ಕೆ ಎರಡು ತಿಂಗಳ ಮೊದಲು, ಹಾಲು ಬತ್ತಿಸುವ ದಿನವೇ ಅದು ಆ ಮೈಕಟ್ಟಿಗೆ ಬಂದಿರಬೇಕು. ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಪಶುವೈದ್ಯರು ಬಳಸುವ ವಿಧಾನವೇ ಮೈಕಟ್ಟಿಗೆ ಅಂಕ ಕೊಡುವುದು.

ಅಂಕ 1ರಿಂದ 5ರವರೆಗೆ, ಕಾಲು ಕಾಲು ಅಂಕದ ಮೆಟ್ಟಿಲುಗಳಲ್ಲಿ ಏರುತ್ತದೆ. 1 ಎಂದರೆ ಎಲುಬಿನ ಹಂದರ, 5 ಎಂದರೆ ಮೂಳೆಯೇ ಕಾಣದಷ್ಟು ಕೊಬ್ಬು. ಹಾಲಿನ ಹಸುಗಳಿಗೆ ಈ ಅಳತೆಯನ್ನು 1982ರಲ್ಲಿ ಅಮೆರಿಕದಲ್ಲಿ ವೈಲ್ಡ್‌ಮನ್ ಮತ್ತು ಸಂಗಡಿಗರು ರೂಪಿಸಿದರು. 1994ರಲ್ಲಿ ಜೇಮ್ಸ್ ಫರ್ಗುಸನ್ ಮತ್ತು ಜೊತೆಗಾರರು ಅದನ್ನು ಕೊಟ್ಟಿಗೆಯಲ್ಲಿ ನಿಂತೇ ನೋಡಬಹುದಾದಷ್ಟು ಸರಳಗೊಳಿಸಿದರು. ಇದಕ್ಕೆ ತಕ್ಕಡಿ ಬೇಡ. ತೂಕ ನಂಬಿಕೆಗೆ ಅರ್ಹವೂ ಅಲ್ಲ. ಗಬ್ಬದ ಹಸುವಿನ ತೂಕದಲ್ಲಿ ಕರು, ಗರ್ಭದ ನೀರು, ಹೊಟ್ಟೆಯಲ್ಲಿರುವ ಮೇವು ಎಲ್ಲವೂ ಸೇರಿರುತ್ತವೆ. ನಮಗೆ ಬೇಕಾದದ್ದು ಚರ್ಮದಡಿಯ ಕೊಬ್ಬಿನ ಲೆಕ್ಕ ಮಾತ್ರ. ಅದು ಕಾಣುವುದು ಹೊಟ್ಟೆಯಲ್ಲಲ್ಲ, ಸೊಂಟದಿಂದ ಬಾಲದ ಬುಡದವರೆಗಿನ ಜಾಗದಲ್ಲಿ.

ಹಸುವನ್ನು ಸಮನೆಲದಲ್ಲಿ ನಿಲ್ಲಿಸಿ, ಮೊದಲು ಪಕ್ಕದಿಂದ ನೋಡಬೇಕು. ಸೊಂಟದ ತುದಿಯಲ್ಲಿ ಹೊರಕ್ಕೆ ಚಾಚಿರುವ ಮೂಳೆಯನ್ನು ವೈದ್ಯರು ಹುಕ್ ಎನ್ನುತ್ತಾರೆ. ಬಾಲದ ಪಕ್ಕದಲ್ಲಿ ಹಿಂದಕ್ಕೆ ಚಾಚಿರುವುದು ಪಿನ್ ಮೂಳೆ. ಇವೆರಡರ ನಡುವೆ, ಸ್ವಲ್ಪ ಕೆಳಗೆ, ತೊಡೆಯ ಕೀಲಿನ ಉಬ್ಬು ಇರುತ್ತದೆ. ಹುಕ್‌ನಿಂದ ಕೀಲಿಗೆ, ಕೀಲಿನಿಂದ ಪಿನ್‌ಗೆ ಕಣ್ಣಲ್ಲೇ ಒಂದು ಗೆರೆ ಎಳೆಯಿರಿ. ಆ ಗೆರೆ ಕೀಲಿನ ಹತ್ತಿರ ಮುರಿದು ಇಂಗ್ಲಿಷಿನ ವಿ ಅಕ್ಷರದಂತೆ ಕಂಡರೆ ಅಂಕ 3 ಅಥವಾ ಅದಕ್ಕಿಂತ ಕಡಿಮೆ. ಮುರಿಯದೆ ಯು ಅಕ್ಷರದಂತೆ ಬಾಗಿದ್ದರೆ ಅಂಕ 3.25 ಅಥವಾ ಅದಕ್ಕಿಂತ ಹೆಚ್ಚು. ಇದೊಂದನ್ನು ನೋಡಿದರೆ ಅರ್ಧ ಕೆಲಸ ಮುಗಿದಂತೆ.

ಆಕಾರ ವಿ ಆಗಿದ್ದರೆ ಹುಕ್ ಮೂಳೆಯ ಮೇಲೆ ಅಂಗೈ ಇಡಿ. ಅದು ದುಂಡಗಿದ್ದರೆ ಅಂಕ 3. ಕೋನದಂತೆ ಚೂಪಾಗಿದ್ದರೆ ಪಿನ್ ಮೂಳೆಗೆ ಕೈ ಹಾಕಿ. ಪಿನ್ ಮೇಲೆ ಮೆತ್ತೆ ಚೆನ್ನಾಗಿದ್ದರೆ 2.75. ಪಿನ್ ಕೂಡ ಚೂಪಾಗಿದ್ದು, ತುದಿಯಲ್ಲಿ ಒಂಚೂರು ಮೆತ್ತೆ ಬೆರಳಿಗೆ ಸಿಕ್ಕರೆ 2.5. ಬೆರಳಿಗೆ ಬರೀ ಮೂಳೆಯೇ ತಗುಲಿದರೆ ಅದಕ್ಕಿಂತಲೂ ಕಡಿಮೆ. ಆಕಾರ ಯು ಆಗಿದ್ದರೆ ಹಸುವಿನ ಹಿಂದೆ ನಿಂತು ಎರಡು ನಾರುಗಳನ್ನು ಹುಡುಕಬೇಕು. ಒಂದು ಸೊಂಟದ ಹತ್ತಿರ ಬೆನ್ನಿನಿಂದ ಹುಕ್ ಕಡೆಗೆ ಅಡ್ಡವಾಗಿ ಹೋಗುತ್ತದೆ, ಇನ್ನೊಂದು ಬಾಲದ ಬುಡದಿಂದ ಪಿನ್ ಕಡೆಗೆ ಇಳಿಯುತ್ತದೆ. ಎರಡೂ ಸ್ಪಷ್ಟವಾಗಿ ಕಂಡರೆ 3.25. ಬಾಲದ ಹತ್ತಿರದ ನಾರು ಮಸುಕಾಗಿದ್ದರೆ 3.5. ಎರಡೂ ಕೊಬ್ಬಿನಲ್ಲಿ ಮುಚ್ಚಿಹೋಗಿದ್ದರೆ ಅಂಕ 4 ಅಥವಾ ಅದಕ್ಕಿಂತ ಹೆಚ್ಚು.

ಹಾಲು ಬತ್ತಿಸುವ ದಿನ ಮತ್ತು ಕರು ಹಾಕುವ ದಿನ, ಎರಡಕ್ಕೂ ಬೇಕಾದ ಅಂಕ ಒಂದೇ: 3ರಿಂದ 3.5ರ ನಡುವೆ. ಇದಕ್ಕೆ ಕಾರಣ ಕರು ಹಾಕಿದ ನಂತರದ ದಿನಗಳಲ್ಲಿದೆ. ಹಾಲು ನಾಲ್ಕರಿಂದ ಎಂಟು ವಾರಗಳಲ್ಲಿ ಗರಿಷ್ಠ ಮಟ್ಟಕ್ಕೆ ಏರುತ್ತದೆ. ಹಸಿವು ಪೂರ್ತಿ ಬರಲು ಹತ್ತು ಹನ್ನೆರಡು ವಾರ ಬೇಕು. ಈ ನಡುವಿನ ಕೊರತೆಯನ್ನು ಹಸು ತನ್ನ ಮೈಯ ಕೊಬ್ಬು ಕರಗಿಸಿ ತುಂಬಿಸಿಕೊಳ್ಳುತ್ತದೆ. ಅರ್ಧ ಅಂಕದವರೆಗೆ ಕರಗಿದರೆ ತೊಂದರೆಯಿಲ್ಲ. 3.25ರಲ್ಲಿ ಕರು ಹಾಕಿದ ಹಸು ಎರಡು ತಿಂಗಳಿಗೆ 2.75ಕ್ಕೆ ಇಳಿದು ಅಲ್ಲಿ ನಿಲ್ಲುವುದು ಸಹಜ. ಒಂದು ಅಂಕಕ್ಕಿಂತ ಹೆಚ್ಚು ಕರಗಿದರೆ ಮಾತ್ರ ಬೆಲೆ ತೆರಬೇಕಾಗುತ್ತದೆ. 1989ರಲ್ಲಿ ಅಮೆರಿಕದ ಬಟ್ಲರ್ ಮತ್ತು ಸ್ಮಿತ್ ಪ್ರಕಟಿಸಿದ ಲೆಕ್ಕ ಇಂದಿಗೂ ಪಾಠಗಳಲ್ಲಿ ಬರುತ್ತದೆ. ಅರ್ಧ ಅಂಕಕ್ಕಿಂತ ಕಡಿಮೆ ಕರಗಿದ ಹಸುಗಳಲ್ಲಿ ಮೊದಲ ಸಲದ ಗರ್ಭಧಾರಣೆಗೇ ನೂರಕ್ಕೆ 65 ಗಬ್ಬ ಕಟ್ಟಿದ್ದವು. ಒಂದು ಅಂಕಕ್ಕಿಂತ ಹೆಚ್ಚು ಕರಗಿದವುಗಳಲ್ಲಿ ಕಟ್ಟಿದ್ದು ನೂರಕ್ಕೆ 17 ಮಾತ್ರ. ಅವರ ಹಿಂಡು ದೊಡ್ಡದಲ್ಲ, ಹಾಗಾಗಿ ಅಂಕಿಗಳನ್ನು ಅಕ್ಷರಶಃ ಹಿಡಿಯಬೇಕಿಲ್ಲ. ಆದರೆ ಅದೇ ಒಲವು ನಮ್ಮ ಕೊಟ್ಟಿಗೆಗಳಲ್ಲೂ ಕಾಣುತ್ತದೆ.

ಹಾಗಾದರೆ ಕೊಬ್ಬು ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ಲವೇ ಎಂದು ಕೇಳಬಹುದು. ಅಲ್ಲ. 4ರ ಮೇಲಿನ ಅಂಕದಲ್ಲಿ ಕರು ಹಾಕುವ ಹಸುವಿಗೆ ಕರು ಹಾಕಿದ ಮೇಲೆ ಹಸಿವು ಬೇಗ ಬರುವುದಿಲ್ಲ. ಕಡಿಮೆ ತಿನ್ನುವುದರಿಂದ ಕೊರತೆ ಹಿಗ್ಗುತ್ತದೆ, ಕೊಬ್ಬು ಒಮ್ಮೆಲೇ ಕರಗಿ ರಕ್ತಕ್ಕಿಳಿದು ಯಕೃತ್ತಿಗೆ ಹೋಗುತ್ತದೆ. ಯಕೃತ್ತಿಗೆ ಅಷ್ಟನ್ನು ಸುಡಲಾಗದೆ ಒಂದಿಷ್ಟು ಅಲ್ಲೇ ಕೂರುತ್ತದೆ, ಒಂದಿಷ್ಟು ಕೀಟೋನ್ ಆಗಿ ಹೊರಬರುತ್ತದೆ. ಇದೇ ಕೀಟೋಸಿಸ್. ಹೀಗಾಗಿ ದಪ್ಪ ಹಸುವೇ ಹೆಚ್ಚು ಸೊರಗುತ್ತದೆ. ತೆಳ್ಳಗಿನ ಹಸುವಿನ ಕಷ್ಟ ಬೇರೆ. ಕರಗಿಸಲು ಕೊಬ್ಬಿಲ್ಲದ ಕಾರಣ ಅದರ ಹಾಲು ಏರಬೇಕಾದಷ್ಟು ಏರುವುದಿಲ್ಲ, ಬೆದೆಗೂ ತಡವಾಗಿ ಬರುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಸುಮಾರು 450 ಕಿಲೋ ತೂಗುವ ಎಚ್‌ಎಫ್ ಮಿಶ್ರತಳಿ ಹಸು, ಮೂರನೇ ಸೂಲು. ಏಪ್ರಿಲ್ 1ಕ್ಕೆ ಗಬ್ಬ ಕಟ್ಟಿದೆ ಎಂದಿಟ್ಟುಕೊಳ್ಳಿ. ಜನವರಿ ಮೊದಲ ವಾರ ಕರು ಹಾಕುತ್ತದೆ, ಅದಕ್ಕೆ 60 ದಿನ ಮೊದಲು, ಅಂದರೆ ನವೆಂಬರ್ ಮೊದಲ ವಾರ ಬತ್ತಿಸಬೇಕು. ಆಗಸ್ಟ್ ಆರಂಭದಲ್ಲಿ ನೋಡಿದರೆ ಆಕಾರ ವಿ, ಹುಕ್ ಚೂಪು, ಪಿನ್ ತುದಿಯಲ್ಲಿ ಚೂರೇ ಮೆತ್ತೆ. ಅಂಕ 2.5. ಬತ್ತಿಸುವ ದಿನಕ್ಕೆ 3.25 ಬೇಕು, ಅಂದರೆ ಮುಕ್ಕಾಲು ಅಂಕ ಏರಬೇಕು. ಈ ಗಾತ್ರದ ಹಸುವಿನಲ್ಲಿ ಒಂದು ಅಂಕವೆಂದರೆ ಸುಮಾರು 40ರಿಂದ 55 ಕಿಲೋ ಮೈತೂಕ. ಮುಕ್ಕಾಲು ಅಂಕಕ್ಕೆ 30ರಿಂದ 40 ಕಿಲೋ. ಕೈಯಲ್ಲಿರುವುದು 90 ದಿನ, ಆದ್ದರಿಂದ ದಿನಕ್ಕೆ ಸುಮಾರು 400 ಗ್ರಾಂ ಏರಬೇಕು. ಹಾಲಿನ ಲೆಕ್ಕಕ್ಕೆ ಕೊಡುವ ಪಶು ಆಹಾರದ ಮೇಲೆ ದಿನಕ್ಕೆ ಒಂದೂಕಾಲು ಕಿಲೋದಷ್ಟು ಹೆಚ್ಚಿಗೆ ಕೊಟ್ಟರೆ ಇದು ಆಗುತ್ತದೆ, ಹಸಿರು ಮೇವು ಮತ್ತು ರಾಗಿ ಹುಲ್ಲು ಎಂದಿನಂತೆ ಸಿಗುತ್ತಿದ್ದರೆ. ಸೂಲಿನ ಕೊನೆಯ ಈ ಹೊತ್ತಿನಲ್ಲಿ ಹೆಚ್ಚಿಗೆ ಕೊಟ್ಟದ್ದು ಹಾಲಿಗೆ ಹೋಗುವುದು ಕಡಿಮೆ, ಮೈಗೆ ಹತ್ತುವುದು ಜಾಸ್ತಿ. ತಿಂಗಳಾದರೂ ಅಂಕ ಅಲುಗದಿದ್ದರೆ ಮೇವಿನ ಮೇಲೆ ತಪ್ಪು ಹೊರಿಸುವ ಮೊದಲು ಜಂತುಹುಳು, ಹಲ್ಲು, ಗೊರಸುಗಳನ್ನು ವೈದ್ಯರಿಗೆ ತೋರಿಸಬೇಕು.

ಇದೇ 30 ಕಿಲೋವನ್ನು ಬತ್ತಿಸಿದ ಮೇಲಿನ 60 ದಿನಗಳಲ್ಲಿ ಏರಿಸಲು ಹೋದರೆ ದಿನಕ್ಕೆ ಅರ್ಧ ಕಿಲೋ ಬೇಕು. ಗರ್ಭದ ಕರು ತನ್ನ ತೂಕದ ಬಹುಪಾಲನ್ನು ಕಟ್ಟಿಕೊಳ್ಳುವುದು ಈ ಎರಡು ತಿಂಗಳಲ್ಲೇ. ತಾಯಿ ತಿಂದದ್ದರಲ್ಲಿ ಮೊದಲ ಪಾಲು ಅದರದು. ಕರು ಬೆಳೆದಂತೆ ಮೇವಿನ ಹೊಟ್ಟೆಗೆ ಜಾಗ ಕಡಿಮೆಯಾಗುತ್ತದೆ, ಕೊನೆಯ ವಾರಗಳಲ್ಲಿ ಹಸು ತಿನ್ನುವುದೇ ಇಳಿಯುತ್ತದೆ. ಅದಲ್ಲದೆ ತಿಂದ ಶಕ್ತಿಯನ್ನು ಕೊಬ್ಬಾಗಿಸಿಕೊಳ್ಳುವುದರಲ್ಲಿ ಬತ್ತಿದ ಹಸುವಿಗಿಂತ ಹಾಲು ಕೊಡುತ್ತಿರುವ ಹಸುವೇ ಮೇಲು. ಆದರೂ ತೆಳ್ಳಗೆ ಬತ್ತಿದ ಹಸುವಿಗೆ ಹದವಾಗಿ ತಿನ್ನಿಸಿ ಕಾಲು ಅಂಕ ಏರಿಸುವುದರಲ್ಲಿ ತಪ್ಪಿಲ್ಲ. ಅದಕ್ಕಿಂತ ಹೆಚ್ಚು ನಿರೀಕ್ಷಿಸಬಾರದು, ಅಷ್ಟೇ.

ದಪ್ಪ ಹಸುವಿನ ವಿಷಯದಲ್ಲಿ ಮಾತ್ರ ಈ ಸಡಿಲಿಕೆಯೂ ಇಲ್ಲ. ಬತ್ತಿಸುವ ದಿನ 4.25 ಇದ್ದರೆ ಅರೆಹೊಟ್ಟೆ ಹಾಕಿ ಇಳಿಸುವ ಯೋಚನೆ ಬೇಡ. ಕರು ಹಾಕಿದ ಮೇಲೆ ನಾವು ಹೆದರುವ ಕೊಬ್ಬು ಕರಗುವ ಕೆಲಸ ಆಗ ಗಬ್ಬದಲ್ಲೇ ಶುರುವಾಗುತ್ತದೆ. ಹಸು ಆ ಅಂಕದಲ್ಲೇ ಇರಲಿ. ಹೊಟ್ಟೆ ತುಂಬ ಒಣಹುಲ್ಲು, ಅಳತೆಯ ಹಸಿರು, ಲವಣ ಮಿಶ್ರಣ ಕೊಟ್ಟು, ಹಿಂಡಿ ಬೂಸಾ ಹಿಡಿತದಲ್ಲಿಟ್ಟರೆ ಸಾಕು. ಕರು ಹಾಕಿದ ಮೊದಲ ಮೂರು ವಾರ ಕಣ್ಣಿಟ್ಟಿರಬೇಕು. ಪಶು ಆಹಾರ ಮೂಸಿ ಬಿಟ್ಟು ಹುಲ್ಲನ್ನಷ್ಟೇ ತಿನ್ನುವುದು, ಹಾಲು ಥಟ್ಟನೆ ಇಳಿಯುವುದು, ಉಸಿರಿನಲ್ಲಿ ಕೊಳೆತ ಹಣ್ಣಿನಂಥ ಸಿಹಿ ವಾಸನೆ, ಇವು ಕೀಟೋಸಿಸ್‌ನ ಗುರುತುಗಳು. ಮೂತ್ರದ ಪಟ್ಟಿ ಪರೀಕ್ಷೆಯಲ್ಲಿ ಅಲ್ಲೇ ತಿಳಿಯುತ್ತದೆ, ವೈದ್ಯರನ್ನು ಅಂದೇ ಕರೆಸಬೇಕು.

ಈ ಅಳತೆಗೂ ಮಿತಿಗಳಿವೆ. ಇದು ಹೋಲ್‌ಸ್ಟೀನ್ ಹಸುಗಳನ್ನು ನೋಡಿ ಮಾಡಿದ್ದು. ಅವುಗಳ ಮಿಶ್ರತಳಿಗೆ ಹೊಂದುತ್ತದೆ, ಹಳ್ಳಿಕಾರ್, ಮಲೆನಾಡು ಗಿಡ್ಡಗಳಿಗೆ ಹಾಗೇ ಹಚ್ಚಬಾರದು. ಎಮ್ಮೆಗಳಿಗೆ ಬೇರೆಯದೇ ಅಳತೆಗಳಿವೆ. ಹೊಟ್ಟೆಯೊಳಗಿನ ಕೊಬ್ಬು ಹೊರಗಿನಿಂದ ಕಾಣುವುದಿಲ್ಲ. ಇಬ್ಬರು ನೋಡಿದರೆ ಕಾಲು ಅಂಕ ವ್ಯತ್ಯಾಸ ಬರುವುದು ಮಾಮೂಲು, ಆದ್ದರಿಂದ ಮನೆಯಲ್ಲಿ ಪ್ರತಿ ಸಲ ಒಬ್ಬರೇ ಅಂಕ ಕೊಡುವುದು ಒಳ್ಳೆಯದು. ಹಿಂದಿನ ಅಂಕ ನೋಡದೆ ಮೊದಲು ಹೊಸದನ್ನು ಬರೆದು, ಆಮೇಲೆ ಹೋಲಿಸಬೇಕು. ಪ್ರತಿದಿನ ಕಣ್ಣೆದುರೇ ಇರುವ ಹಸು ಮೆಲ್ಲಗೆ ಸೊರಗುವುದು ಮನೆಯವರಿಗೆ ಗೊತ್ತಾಗುವುದೇ ಇಲ್ಲ. ಪಕ್ಕದಿಂದ, ಹಿಂದಿನಿಂದ ಒಂದೊಂದು ಫೋಟೊ ತೆಗೆದಿಟ್ಟುಕೊಂಡರೆ ಅದು ತಿಳಿಯುತ್ತದೆ.

ಆ 4.25ರ ಹಸು ಅಷ್ಟು ದಪ್ಪವಾದದ್ದು ಏಕೆ ಎಂದು ಹುಡುಕಿದರೆ, ಹೆಚ್ಚಿನ ಸಲ ಉತ್ತರ ಮೇವಿನಲ್ಲಿ ಸಿಗುವುದಿಲ್ಲ, ಗರ್ಭಧಾರಣೆಯ ಕಾರ್ಡಿನಲ್ಲಿ ಸಿಗುತ್ತದೆ. ಎರಡು ಮೂರು ಸಲ ಸೂಜಿ ಹಾಕಿಸಿದರೂ ಕಟ್ಟದೆ ಹಸು ತಡವಾಗಿ ಗಬ್ಬವಾಗಿರುತ್ತದೆ. ಹತ್ತು ತಿಂಗಳಿಗೆ ಮುಗಿಯಬೇಕಾದ ಸೂಲು ಹದಿನೈದು ತಿಂಗಳವರೆಗೆ ಎಳೆದಿರುತ್ತದೆ. ಹಾಲು ನಾಲ್ಕೈದು ಲೀಟರಿಗೆ ಇಳಿದಿದ್ದರೂ ಹತ್ತು ಲೀಟರಿನ ದಿನಗಳ ಆಹಾರವೇ ಬಕೆಟ್ಟಿಗೆ ಬೀಳುತ್ತಿರುತ್ತದೆ. ಹೀಗೆ ಕೊಬ್ಬಿದ ಹಸು ಕರು ಹಾಕಿದ ಮೇಲೆ ವೇಗವಾಗಿ ಸೊರಗಿ ಮತ್ತೆ ತಡವಾಗಿ ಗಬ್ಬ ಕಟ್ಟುತ್ತದೆ, ಮುಂದಿನ ಸಲವೂ ಕೊಬ್ಬುತ್ತದೆ. ಈ ಸರಪಳಿ ಕಡಿಯಬೇಕಾದರೆ ಹಾಲು ಇಳಿದ ವಾರದಿಂದಲೇ ಆಹಾರವನ್ನೂ ಇಳಿಸಬೇಕು. ಕರು ಹಾಕಿದ ಎರಡು ತಿಂಗಳಿಂದ ಬೆಳಿಗ್ಗೆ ಸಂಜೆ ಬೆದೆ ಗಮನಿಸಬೇಕು, ಮೂರನೇ ಸಲವೂ ಕಟ್ಟದಿದ್ದರೆ ನಾಲ್ಕನೆಯದನ್ನು ಹಾಕಿಸುವ ಮೊದಲು ಗರ್ಭಕೋಶದ ಪರೀಕ್ಷೆ ಮಾಡಿಸಬೇಕು.