ಸೋತ ತಂಡದ ಮಕ್ಕಳೂ ಮರುವರ್ಷ ಬಂದದ್ದೇಕೆ?

ಅಮೆರಿಕದ ಸಿಯಾಟಲ್ ನಗರದಲ್ಲಿ 10ರಿಂದ 12 ವರ್ಷದ ಹುಡುಗರ ಬೇಸ್‌ಬಾಲ್ ತಂಡಗಳ ಮೇಲೆ ನಡೆದ ಒಂದು ಅಧ್ಯಯನ 1992ರಲ್ಲಿ ಪ್ರಕಟವಾಯಿತು. ಕೆಲವು ಕೋಚ್‌ಗಳಿಗೆ ಋತು ಶುರುವಾಗುವ ಮೊದಲು ಮಕ್ಕಳ ಜೊತೆ ಹೇಗೆ ಮಾತಾಡಬೇಕು, ತಪ್ಪು ಮಾಡಿದಾಗ ಏನು ಹೇಳಬೇಕು ಎಂಬುದನ್ನು ಕೆಲವೇ ಗಂಟೆಗಳಲ್ಲಿ ಹೇಳಿಕೊಟ್ಟಿದ್ದರು. ಉಳಿದವರು ಎಂದಿನಂತೆ ಕಲಿಸಿದರು. ಗೆಲುವು ಸೋಲಿನ ಲೆಕ್ಕದಲ್ಲಿ ಎರಡೂ ಬಗೆಯ ತಂಡಗಳು ಹೆಚ್ಚುಕಡಿಮೆ ಸಮ. ವ್ಯತ್ಯಾಸ ಕಂಡದ್ದು ಮರುವರ್ಷ. ಎಂದಿನಂತೆ ಕಲಿಸಿದವರ ತಂಡಗಳಲ್ಲಿ 26 ಶೇಕಡಾ ಹುಡುಗರು ಆಟಕ್ಕೆ ಮರಳಲಿಲ್ಲ. ತರಬೇತಿ ಪಡೆದವರ ತಂಡಗಳಲ್ಲಿ ಹಾಗೆ ಬಿಟ್ಟುಹೋದವರು 5 ಶೇಕಡಾ ಮಾತ್ರ.

ಮಕ್ಕಳು ಆಟ ಬಿಡುವುದಕ್ಕೆ ಓದಿನ ಒತ್ತಡ, ಮೊಬೈಲು, ಮೈದಾನಗಳ ಕೊರತೆ ಎಂದು ನಾವು ಕಾರಣ ಕೊಡುತ್ತೇವೆ. ಅವೆಲ್ಲ ಇವೆ, ನಿಜ. ಆದರೆ ಮೈದಾನದೊಳಗೇ ಇರುವ ಒಂದು ಕಾರಣವನ್ನು ಈ ಅಧ್ಯಯನ ಎತ್ತಿ ತೋರಿಸಿತು.

ಮನಶ್ಶಾಸ್ತ್ರಜ್ಞರು ಇಲ್ಲಿ ಎರಡು ಬಗೆಯ ಪ್ರೇರಣೆಯನ್ನು ಗುರುತಿಸುತ್ತಾರೆ. ಆಡುವುದೇ ಖುಷಿ ಎಂದು ಆಡುವುದು ಆಂತರಿಕ ಪ್ರೇರಣೆ. ಕಪ್ಪು, ಸರ್ಟಿಫಿಕೇಟು, ಕ್ರೀಡಾ ಕೋಟಾದ ಸೀಟು, ಅಪ್ಪನ ಶಹಬ್ಬಾಸ್ ಅಥವಾ ಕೋಚ್‌ನ ಭಯಕ್ಕೆ ಆಡುವುದು ಬಾಹ್ಯ ಪ್ರೇರಣೆ. ಎರಡನ್ನೂ ಕೂಡಿಸಿದರೆ ಉತ್ಸಾಹ ಇಮ್ಮಡಿಯಾಗಬೇಕು ಅನ್ನಿಸುತ್ತದೆ. ಹಾಗೆ ಆಗುವುದಿಲ್ಲ ಎಂದು 1973ರಲ್ಲಿ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರವೊಂದರಲ್ಲಿ ಗೊತ್ತಾಯಿತು. ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಮಕ್ಕಳನ್ನೇ ಆರಿಸಿ, ಕೆಲವರಿಗೆ ‘ಬಿಡಿಸಿದರೆ ಬಹುಮಾನ ಕೊಡುತ್ತೇವೆ’ ಎಂದು ಮೊದಲೇ ಹೇಳಿ ಕೊಟ್ಟರು. ಕೆಲವರಿಗೆ ಮುಂಚೆ ಏನೂ ಹೇಳದೆ ಕೊನೆಯಲ್ಲಿ ಕೊಟ್ಟರು. ಇನ್ನು ಕೆಲವರಿಗೆ ಕೊಡಲೇ ಇಲ್ಲ. ಕೆಲವು ದಿನ ಕಳೆದ ಮೇಲೆ ಬಣ್ಣದ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ನೋಡಿದಾಗ, ಬಹುಮಾನದ ಮಾತಿಗೆ ಬಿಡಿಸಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಬಿಡಿಸಿದರು. ಅಚಾನಕ್ಕಾಗಿ ಬಹುಮಾನ ಪಡೆದವರ ಆಸಕ್ತಿ ಮಾತ್ರ ಕುಗ್ಗಿರಲಿಲ್ಲ.

ಹಾಗಾದರೆ ಬಹುಮಾನವೇ ಕೆಟ್ಟದ್ದೆ? ಅಲ್ಲ. ಅಮೆರಿಕದ ಕಾಲೇಜು ಕ್ರೀಡಾಪಟುಗಳ ಅಧ್ಯಯನ ಮಾಡಿದ ಸಂಶೋಧಕರೊಬ್ಬರಿಗೆ, ವಿದ್ಯಾರ್ಥಿವೇತನದ ಮೇಲೆ ಆಡುವ ಫುಟ್‌ಬಾಲ್ ಹುಡುಗರು ವೇತನವಿಲ್ಲದವರಿಗಿಂತ ಕಡಿಮೆ ಖುಷಿಯಲ್ಲಿರುವುದು ಕಂಡಿತು. ಕುಸ್ತಿಪಟುಗಳಲ್ಲಿ, ಹುಡುಗಿಯರಲ್ಲಿ ಹಾಗಿರಲಿಲ್ಲ. ಅವರು ಕೊಟ್ಟ ಒಂದು ವಿವರಣೆ ಹೀಗಿದೆ. ಫುಟ್‌ಬಾಲ್‌ನಲ್ಲಿ ವೇತನ ಬಹಳ ಮಂದಿಗೆ ಸಿಗುತ್ತಿತ್ತು, ಹಾಗಾಗಿ ಅದು ಸಂಬಳದಂತೆ, ಕೊರಳಿಗೆ ಕಟ್ಟಿದ ಹಗ್ಗದಂತೆ ಅನ್ನಿಸಿತು. ಕುಸ್ತಿಯಲ್ಲಿ ಅದು ಅಪರೂಪ. ಸಿಕ್ಕವನಿಗೆ ‘ನಾನು ನಿಜವಾಗಿ ಚೆನ್ನಾಗಿ ಆಡುತ್ತೇನೆ’ ಎಂಬ ಸುದ್ದಿ ಸಿಕ್ಕಂತಾಯಿತು. ಬಹುಮಾನ ಮಗುವಿಗೆ ಏನು ಹೇಳುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ‘ನಿನಗೆ ಬರುತ್ತದೆ’ ಎಂದರೆ ಆಸಕ್ತಿ ಬೆಳೆಯುತ್ತದೆ, ‘ನಾನು ಹೇಳಿದ ಹಾಗೆ ಕೇಳು’ ಎಂದರೆ ಬಾಡುತ್ತದೆ.

ಕಪ್ಪು ಸಿಗುವುದು ವರ್ಷಕ್ಕೊಂದೆರಡು ಸಲ. ಕೋಚ್‌ನ ಮಾತು ಬೀಳುವುದು ಪ್ರತಿ ಸಂಜೆ, ಮತ್ತೆ ಮತ್ತೆ. ಸಿಯಾಟಲ್‌ನ ಸಂಶೋಧಕರಾದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮೋಲ್ ಅದಕ್ಕೂ ಹಿಂದೆಯೇ ಮೈದಾನದಂಚಿನಲ್ಲಿ ಜನರನ್ನು ಕೂರಿಸಿ, ಪಂದ್ಯದುದ್ದಕ್ಕೂ ಕೋಚ್ ಏನು ಹೇಳಿದರು, ಏನು ಮಾಡಿದರು ಎಂದು ಒಂದೊಂದನ್ನೂ ಬರೆಸಿದ್ದರು. ಹೀಯಾಳಿಕೆ, ಗದರಿಕೆಗಳು ಒಟ್ಟು ಮಾತಿನಲ್ಲಿ ತೀರ ಸಣ್ಣ ಪಾಲು. ಆದರೆ ಮಕ್ಕಳ ಮನಸ್ಸು ಕೆಡಿಸುವುದರಲ್ಲಿ ಆ ಸಣ್ಣ ಪಾಲೇ ಎಲ್ಲಕ್ಕಿಂತ ಮುಂದಿತ್ತು. ತಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದು ಕೋಚ್‌ಗಳಿಗೇ ಸರಿಯಾಗಿ ತಿಳಿದಿರಲಿಲ್ಲ, ಮಕ್ಕಳು ಅದನ್ನು ಅವರಿಗಿಂತ ನಿಖರವಾಗಿ ಹೇಳಿದರು. ಇನ್ನೊಂದು ವಿಷಯ ನನ್ನನ್ನು ಬಹಳ ಕಾಡಿತು. ಮಕ್ಕಳು ಕೋಚ್‌ನನ್ನು ಇಷ್ಟಪಡುವುದಕ್ಕೂ ತಂಡದ ಗೆಲುವಿಗೂ ಹೆಚ್ಚು ಸಂಬಂಧವಿರಲಿಲ್ಲ. ಆದರೆ ಗೆದ್ದ ತಂಡದ ಮಕ್ಕಳಿಗೆ ‘ಕೋಚ್‌ಗೆ ನಾವು ಇಷ್ಟ’ ಅನ್ನಿಸುತ್ತಿತ್ತು. ಗೆಲುವು ಯಾರಿಗೆ ಬೇಕಾಗಿದೆ ಎಂಬುದನ್ನು ಮಕ್ಕಳು ಬೇಗ ಅರ್ಥ ಮಾಡಿಕೊಳ್ಳುತ್ತಾರೆ.

ಇದನ್ನು ನಮ್ಮ ಶಾಲೆಯ ಖೋ ಖೋ ಅಂಗಳಕ್ಕೆ ತಂದು ನೋಡೋಣ. ಏಳನೇ ತರಗತಿಯ ಹುಡುಗಿಯೊಬ್ಬಳು ಚೌಕದಲ್ಲಿ ಕೂತಿದ್ದಾಳೆ. ಓಡಿಬಂದವಳು ಬೆನ್ನು ಮುಟ್ಟಿ ‘ಖೋ’ ಎನ್ನುವ ಮೊದಲೇ ಇವಳು ಎದ್ದುಬಿಡುತ್ತಾಳೆ. ಫೌಲ್. ಮೇಷ್ಟ್ರು ಕೂಗುತ್ತಾರೆ: “ಎಷ್ಟು ಸಲ ಹೇಳೋದು? ಹೋಗು, ಐದು ರೌಂಡ್ ಓಡು!” ಅವಳು ಓಡುತ್ತಾಳೆ. ಯಾವಾಗ ಏಳಬೇಕು ಎಂಬುದು ಆ ಐದು ರೌಂಡಿನಲ್ಲಿ ಗೊತ್ತಾಗುವುದಿಲ್ಲ. ಖೋ ಖೋದ ಜೀವವೇ ಆದ ಓಟ ಶಿಕ್ಷೆಯಾಗಿ ಮನಸ್ಸಿನಲ್ಲಿ ಕೂರುತ್ತದೆ. ಮುಂದಿನ ಸಲ ಅವಳು ಫೌಲ್ ಆಗದಿರಲೆಂದು ತಡವಾಗಿ ಏಳುತ್ತಾಳೆ. ಮೇಷ್ಟ್ರಿಗೆ ಆಗ ಅವಳು ಮಂದ ಎಂದು ಕಾಣುತ್ತದೆ. ತಪ್ಪಿನ ಭಯಕ್ಕೆ ಆಡುವ ಮಗುವಿನ ಲಕ್ಷಣವೇ ಇದು: ಸುರಕ್ಷಿತವಾದದ್ದನ್ನೇ ಮಾಡುವುದು, ಪ್ರತಿ ತಪ್ಪಿನ ಮೇಲೂ ಮೊದಲು ಮೇಷ್ಟ್ರ ಮುಖ ನೋಡುವುದು.

ಸಿಯಾಟಲ್‌ನ ಕೋಚ್‌ಗಳು ಕಲಿತದ್ದು ಇದೇ ಗಳಿಗೆಯನ್ನು ಬೇರೆ ರೀತಿ ಬಳಸುವುದನ್ನು. “ಓಡುವವಳ ಮೇಲೆ ಕಣ್ಣಿಟ್ಟಿದ್ದೆಯಲ್ಲ, ಅದು ಸರಿ. ಬೆನ್ನಿಗೆ ಕೈ ತಾಗಿ, ಖೋ ಅಂತ ಕಿವಿಗೆ ಬಿದ್ದ ಮೇಲೆ ಏಳಮ್ಮ. ಆಗ ಫೌಲೂ ಆಗಲ್ಲ, ಅವಳೂ ಸಿಕ್ತಾಳೆ.” ಇದರಲ್ಲಿ ಸುಳ್ಳು ಹೊಗಳಿಕೆಯಿಲ್ಲ. ಸರಿಯಾಗಿ ಮಾಡಿದ್ದು ಯಾವುದು, ತಿದ್ದಬೇಕಾದ್ದು ಯಾವುದು, ತಿದ್ದಿದರೆ ಏನಾಗುತ್ತದೆ ಎಂಬುದಷ್ಟೇ ಇದೆ. ತಪ್ಪು ಏನೆಂದು ಮಗುವಿಗೆ ಆಗಲೇ ಗೊತ್ತಿದ್ದರೆ ತಿದ್ದುಪಡಿಯೂ ಬೇಡ, “ಪರವಾಗಿಲ್ಲ, ಮುಂದಿನದು ನೋಡು” ಸಾಕು. ಎಲ್ಲದಕ್ಕೂ ‘ಸೂಪರ್’ ಅನ್ನುವ ಕೋಚ್ ಕೂಡ ಮಗುವಿಗೆ ನೆರವಾಗುವುದಿಲ್ಲ. ಸುಲಭದ ಕೆಲಸಕ್ಕೆ ಹೊಗಳಿಸಿಕೊಂಡ ಮಗು, ತನ್ನಿಂದ ಹೆಚ್ಚೇನೂ ಆಗದೆಂದು ಸರ್ ಭಾವಿಸಿದ್ದಾರೆ ಎಂದುಕೊಳ್ಳುತ್ತದೆ.

ಆದರೆ ಅಭ್ಯಾಸವೆಲ್ಲ ಖುಷಿಯಾಗಿರಲು ಸಾಧ್ಯವಿಲ್ಲ. ಕಂಬದ ಸುತ್ತ ತಿರುಗುವುದನ್ನು ಮತ್ತೆ ಮತ್ತೆ ಮಾಡುವುದು ಯಾರಿಗಾದರೂ ಬೇಸರವೇ. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ರೂಪಿಸಿದ ಸಿದ್ಧಾಂತ ಇದಕ್ಕೆ ದಾರಿ ತೋರಿಸುತ್ತದೆ. ಖುಷಿಯಿಲ್ಲದ ಕೆಲಸವನ್ನೂ ಅದರ ಕಾರಣ ಒಪ್ಪಿಗೆಯಾದರೆ ಮಗು ತನ್ನದಾಗಿ ಮಾಡಿಕೊಳ್ಳುತ್ತದೆ. “ಇದು ಬೋರ್ ಅಂತ ನನಗೂ ಗೊತ್ತು. ಕಂಬದ ಹತ್ತಿರ ಎರಡು ಹೆಜ್ಜೆ ಹೆಚ್ಚಾದರೆ ಅವಳು ತಪ್ಪಿಸಿಕೊಳ್ತಾಳೆ. ಎಡಗಡೆಯಿಂದ ಶುರು ಮಾಡ್ತೀಯಾ, ಬಲಗಡೆಯಿಂದಲಾ?” ಬೇಸರವನ್ನು ಒಪ್ಪಿಕೊಂಡದ್ದು, ಕಾರಣ ಹೇಳಿದ್ದು, ಆಯ್ಕೆ ಕೊಟ್ಟದ್ದು ಮೂರೂ ಅದರಲ್ಲಿ ಬಂದವು. ಆಯ್ಕೆ ಚಿಕ್ಕದಾದರೂ ನಿಜವಾಗಿರಬೇಕು. ಅವಳು ಎಡ ಎಂದ ಮೇಲೆ ಬಲದಿಂದ ಮಾಡಿಸಿದರೆ ಕೇಳದಿದ್ದದ್ದೇ ಒಳ್ಳೆಯದಿತ್ತು.

ತನ್ನ ಕಲಿಸುವಿಕೆ ಎತ್ತ ಸಾಗುತ್ತಿದೆ ಎಂದು ತಿಳಿಯಲು ಕೋಚ್‌ಗೆ ಪ್ರಶ್ನಾವಳಿ ಬೇಕಿಲ್ಲ. ಶಿಶುವಿಹಾರದ ಆ ಪ್ರಯೋಗದಂತೆ ಬಿಡುವಿನ ಹೊತ್ತನ್ನು ನೋಡಿದರೆ ಸಾಕು. ವಾರಕ್ಕೊಂದು ದಿನ ಹತ್ತು ನಿಮಿಷ ಮೊದಲೇ ಮೈದಾನ ಬಿಟ್ಟುಕೊಟ್ಟು, ಸೀಟಿ ಊದದೆ ಪಕ್ಕಕ್ಕೆ ನಿಲ್ಲಬೇಕು. ಯಾರು ತಾವಾಗಿ ಗುಂಪು ಕಟ್ಟಿಕೊಂಡು ಆಡುತ್ತಾರೆ, ಯಾರು ಮೆಟ್ಟಿಲ ಮೇಲೆ ಕೂತು ಕಾಯುತ್ತಾರೆ ಎಂಬುದನ್ನು ಹಾಜರಿ ಪುಸ್ತಕದಲ್ಲೇ ಗುರುತು ಹಾಕಬಹುದು. ಮೊದಲು ಆಡುತ್ತಿದ್ದವಳು ಎರಡು ಮೂರು ವಾರ ಮೆಟ್ಟಿಲ ಮೇಲೆಯೇ ಕೂತರೆ ಅವಳ ಓಟದ ವೇಗವನ್ನು ಅಳೆಯುವ ಮೊದಲು, ಈಚೆಗೆ ಅವಳ ತಪ್ಪುಗಳಿಗೆ ತಾನು ಏನು ಹೇಳಿದ್ದೆ ಎಂದು ಕೋಚ್ ನೆನಪಿಸಿಕೊಳ್ಳಬೇಕು. ನೆನಪಾಗದಿದ್ದರೆ ಅವಳನ್ನೇ ಕೇಳಬೇಕು, ಅವಳಿಗೆ ನೆನಪಿರುತ್ತದೆ.