ಕನ್ಸಲ್ಟೆನ್ಸಿಗೆ ಬರೆಯುವ ಕಾಗದ

'ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಸೇವೆ ಸಲ್ಲಿಸುವ ಅವಕಾಶ ಕೊಟ್ಟರೆ ಅದರ ಏಳಿಗೆಗಾಗಿ ಹಗಲಿರುಳು ದುಡಿಯುತ್ತೇನೆ.' ರಾಜಾಜಿನಗರದ ಒಂದು ಮಹಡಿಯ ಮೇಲೆ, ಮೂರು ಮೇಜು ಮತ್ತು ಒಂದು ನೀರಿನ ಕ್ಯಾನ್ ಇದ್ದ ನಮ್ಮ ಕನ್ಸಲ್ಟೆನ್ಸಿಗೆ ಈ ಅರ್ಥದ ಇಂಗ್ಲಿಷ್ ಮೇಲ್‌ಗಳು ದಿನಾ ಬರುತ್ತಿದ್ದವು. ನಮ್ಮ ಏಳಿಗೆಗೆ ದುಡಿಯಲು ನಾವು ನಾಲ್ಕು ಜನ ಇದ್ದೆವು, ಐದನೆಯವರಿಗೆ ಕುರ್ಚಿಯೇ ಇರಲಿಲ್ಲ. ಪಾಪ, ಬರೆದವರ ತಪ್ಪಲ್ಲ. ಕಂಪನಿಗೆ ಹಾಕಿದ ಅರ್ಜಿಯನ್ನೇ ವಿಳಾಸ ಬದಲಿಸಿ ಕಳಿಸಿರುತ್ತಿದ್ದರು.

ಕನ್ಸಲ್ಟೆನ್ಸಿ ಕೆಲಸ ಕೊಡುವುದಿಲ್ಲ. ಅದು ನಿಮ್ಮನ್ನು ಇನ್ನೊಬ್ಬರ ಮುಂದೆ ಹಿಡಿಯುತ್ತದೆ. ಬೆಂಗಳೂರಿನ ಮನೆ ಬ್ರೋಕರ್‌ಗೆ ಫೋನ್ ಮಾಡಿದಾಗ 'ನಿಮ್ಮ ಮನೆ ತುಂಬಾ ಚೆನ್ನಾಗಿದೆ' ಎಂದು ಯಾರೂ ಹೇಳುವುದಿಲ್ಲ. ಬಾಡಿಗೆ ಎಷ್ಟಾಗಬಹುದು, ಯಾವ ಏರಿಯಾ, ಎರಡನೇ ಮಹಡಿ ಹತ್ತೋಕಾಗಲ್ಲ, ಮುಂದಿನ ತಿಂಗಳ ಹದಿನೈದರೊಳಗೆ ಬೇಕು ಎಂದು ಹೇಳುತ್ತಾರೆ. ಕನ್ಸಲ್ಟೆನ್ಸಿಗೆ ಬರೆಯುವ ಕಾಗದವೂ ಆ ಜಾತಿಯದು. ವ್ಯತ್ಯಾಸ ಒಂದೇ: ಮನೆ ಬ್ರೋಕರ್ ಒಂದು ತಿಂಗಳ ಬಾಡಿಗೆಯನ್ನು ನಿಮ್ಮ ಕೈಯಿಂದ ಇಸಕೊಳ್ಳುತ್ತಾನೆ, ಇಲ್ಲಿ ಹಣ ಕೊಡುವುದು ಕಂಪನಿ. ನಮ್ಮ ಊರಿನಲ್ಲಿ ಬಹುಕಾಲದಿಂದ ನಡೆದುಬಂದ ದರ ವರ್ಷದ ಸಂಬಳದ ಶೇ 8.33, ಅಂದರೆ ಸರಿಯಾಗಿ ಒಂದು ತಿಂಗಳದ್ದು. ಹುದ್ದೆ ದೊಡ್ಡದಾದರೆ, ಆಳು ಸಿಗುವುದು ಕಷ್ಟವಾದರೆ ಇದಕ್ಕಿಂತ ಹೆಚ್ಚೂ ಉಂಟು. ಆ ದುಡ್ಡೂ ನೀವು ಕೆಲಸಕ್ಕೆ ಸೇರಿದ ಮೇಲೆಯೇ ಬರುವುದು. ನೀವು ಸೇರಿ ಮೂರು ತಿಂಗಳೊಳಗೆ ಬಿಟ್ಟುಹೋದರೆ ಬದಲಿ ಆಳನ್ನು ಪುಕ್ಕಟೆ ಹುಡುಕಿಕೊಡಬೇಕು ಎಂಬ ಷರತ್ತು ಎಷ್ಟೋ ಒಪ್ಪಂದಗಳಲ್ಲಿ ಇರುತ್ತದೆ.

ಇದು ಗೊತ್ತಿದ್ದರೆ ಕಾಗದದಲ್ಲಿ ಏನಿರಬೇಕು ಎಂಬುದು ಅರ್ಧ ತಿಳಿದ ಹಾಗೆ. ಒಬ್ಬ ಹುಡುಗನ ವಿಷಯ ಹೇಳುತ್ತೇನೆ.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಆರು ವರ್ಷದಿಂದ ಮೇಂಟೆನೆನ್ಸ್ ಎಂಜಿನಿಯರ್. ಅವನ ಮೇಲ್ ಒಂದೂವರೆ ಪುಟ ಇತ್ತು. ಶಿಸ್ತು, ಪರಿಶ್ರಮ, ತಂಡದಲ್ಲಿ ಬೆರೆಯುವ ಗುಣ ಎಲ್ಲ ಇತ್ತು. ಎಷ್ಟು ಸಂಬಳ, ಎಷ್ಟು ದಿನದ ನೋಟಿಸ್, ಯಾವ ಊರು ಎಂಬುದು ಇರಲಿಲ್ಲ. ರೆಸ್ಯೂಮ್‌ನಲ್ಲಿ 'ಆಟೊಮೇಷನ್ ಕ್ಷೇತ್ರದಲ್ಲಿ ಅನುಭವ' ಎಂದಿತ್ತು, ಯಾವ ಯಂತ್ರ ಎಂದಿರಲಿಲ್ಲ. ಅದು ನಮ್ಮ ಡೇಟಾಬೇಸ್ ಸೇರಿ ಅಲ್ಲೇ ಮಲಗಿತು. ಏಕೆಂದರೆ ಕಂಪನಿಯವರು ಆಳು ಬೇಕೆಂದು ಹೇಳಿದಾಗ ನಾವು ಕೂತು ಹಳೆಯ ಮೇಲ್‌ಗಳನ್ನು ಓದುವುದಿಲ್ಲ. 'ಪಿಎಲ್‌ಸಿ', 'ಸೀಮೆನ್ಸ್' ಎಂದು ಟೈಪ್ ಮಾಡಿ ಹುಡುಕುತ್ತೇವೆ. ಯಂತ್ರಗಳನ್ನು ಓಡಿಸುವ ಆ ಪುಟ್ಟ ಕಂಟ್ರೋಲರ್ ಮೇಲೆ ಅವನು ಆರು ವರ್ಷ ಕೈಯಾಡಿಸಿದ್ದ. ಆದರೆ ಆ ಪದ ಅವನ ಕಾಗದದಲ್ಲಿ ಎಲ್ಲೂ ಇಲ್ಲದ್ದರಿಂದ ಹುಡುಕಿದಾಗೆಲ್ಲ ಅವನು ಸಿಗಲೇ ಇಲ್ಲ.

ಎರಡು ತಿಂಗಳ ಮೇಲೆ ಅವನೇ ಫೋನ್ ಮಾಡಿದ. 'ಮೇಡಂ, ಹುಬ್ಬಳ್ಳಿ-ಧಾರವಾಡದ ಕಡೆ ಏನಾರ ಇದ್ರ ಹೇಳ್ರಿ. ಅವ್ವಗ ಆರಾಮಿಲ್ರಿ.' ಅದನ್ನು ಮೊದಲೇ ಬರೆಯಬಾರದಿತ್ತೇ ಎಂದೆ. 'ಅಂಥಾದೆಲ್ಲ ಅರ್ಜ್ಯಾಗ ಬರೀಬಾರದು ಅಂತಾರಲ್ರಿ' ಅಂದ. ಕಂಪನಿಗಾದರೆ ಅವನು ಹೇಳಿದ್ದು ಸರಿಯೇ. ನಮಗೆ ಬೇಕಾಗಿದ್ದದ್ದು ಮಾತ್ರ ಅದೇ.

ಅವತ್ತು ರಾತ್ರಿ ಅವನು ಬರೆದ ಎರಡನೆಯ ಮೇಲ್‌ನ ಸಾರಾಂಶ ಕನ್ನಡದಲ್ಲಿ ಹೀಗಿದೆ. ಸಬ್ಜೆಕ್ಟ್ ಸಾಲಿನಲ್ಲಿ: 'ಮೇಂಟೆನೆನ್ಸ್ ಎಂಜಿನಿಯರ್, ಪಿಎಲ್‌ಸಿ, 6 ವರ್ಷ, ಹುಬ್ಬಳ್ಳಿ-ಧಾರವಾಡ, ನೋಟಿಸ್ 60 ದಿನ.' ಒಳಗೆ: 'ಪ್ಯಾಕಿಂಗ್ ಲೈನ್ ಯಂತ್ರಗಳ ಎಲೆಕ್ಟ್ರಿಕಲ್ ನಿರ್ವಹಣೆ ಮಾಡುತ್ತೇನೆ. ಸೀಮೆನ್ಸ್ ಎಸ್7-1200 ಪಿಎಲ್‌ಸಿಯಲ್ಲಿ ಇರುವ ಪ್ರೋಗ್ರಾಮ್ ಓದಿ ತಿದ್ದಬಲ್ಲೆ, ಹೊಸದಾಗಿ ಪೂರ್ತಿ ಬರೆದಿಲ್ಲ. ಈಗ ವರ್ಷಕ್ಕೆ 6 ಲಕ್ಷ, ಅದರಲ್ಲಿ 5.4 ಲಕ್ಷ ಖಾಯಂ, ಉಳಿದದ್ದು ಕಾರ್ಖಾನೆಯ ಉತ್ಪಾದನೆ ನೋಡಿ ಕೊಡುವುದು. 7.2 ಲಕ್ಷ ನಿರೀಕ್ಷೆ. ಧಾರವಾಡದಲ್ಲೇ ಆದರೆ 6.8ಕ್ಕೂ ಒಪ್ಪುತ್ತೇನೆ. ತಾಯಿಯ ಆರೋಗ್ಯದ ಕಾರಣ ಊರಿಗೆ ಹತ್ತಿರ ಬರಬೇಕು. ಶಿಫ್ಟ್ ಆಗುತ್ತದೆ, ತಿಂಗಳಿಗೆ ನಾಲ್ಕು ದಿನಕ್ಕಿಂತ ಹೆಚ್ಚು ಪ್ರವಾಸ ಆಗುವುದಿಲ್ಲ. ಈಗಿನ ಕಂಪನಿಗೆ ವಿಷಯ ತಿಳಿಯಬಾರದು. ನನ್ನನ್ನು ಕೇಳದೆ, ಕಂಪನಿಯ ಹೆಸರು ಹೇಳದೆ ರೆಸ್ಯೂಮನ್ನು ಎಲ್ಲಿಗೂ ಕಳಿಸಬೇಡಿ.'

ಹತ್ತು-ಹನ್ನೆರಡು ಸಾಲು. ಹೊಗಳಿಕೆ ಒಂದೂ ಇಲ್ಲ. 'ಹೊಸದಾಗಿ ಪೂರ್ತಿ ಬರೆದಿಲ್ಲ' ಎಂಬ ವಾಕ್ಯ ಓದಿದಾಗ ನನಗೆ ಹೇಳಿಕೊಳ್ಳಲಾರದಷ್ಟು ಸಮಾಧಾನವಾಯಿತು. ಅವನ ಬಗ್ಗೆ ಕಾರ್ಖಾನೆಯ ಎಚ್‌ಆರ್ ಜೊತೆ ಮಾತಾಡುವವಳು ನಾನು. ಪಿಎಲ್‌ಸಿ ಎಂದರೇನೆಂದು ನನಗೆ ಗೊತ್ತಿರುವುದು ಅಷ್ಟಕ್ಕಷ್ಟೇ. ಅವನು ಬರೆದುಕೊಟ್ಟದ್ದನ್ನೇ ನಾನು ಒಪ್ಪಿಸಬೇಕು. 'ಓದಿ ತಿದ್ದುತ್ತಾನೆ, ಹೊಸದು ಬರೆದಿಲ್ಲ' ಎಂಬುದನ್ನು ನಾನು ಹಾಗೇ ಹೇಳಬಹುದು. 'ಆಟೊಮೇಷನ್‌ನಲ್ಲಿ ಪರಿಣತ' ಎಂದು ಹೇಳಿ, ಇಂಟರ್‌ವ್ಯೂನಲ್ಲಿ ಅದು ಸುಳ್ಳಾದರೆ, ಆ ಎಚ್‌ಆರ್ ನನ್ನ ಮುಂದಿನ ಐದು ಜನರನ್ನೂ ಅನುಮಾನದಿಂದಲೇ ನೋಡುತ್ತಾರೆ.

ಸಂಬಳದ ಮಾತು ಎಲ್ಲರಿಗೂ ಮುಜುಗರ. ಕಂಪನಿಗೆ ಬರೆಯುವಾಗ ಅವರಾಗಿ ಕೇಳುವವರೆಗೆ ಸುಮ್ಮನಿರುವುದು ಜಾಣತನ. ಕನ್ಸಲ್ಟೆನ್ಸಿಯಲ್ಲಿ ಅದು ನಡೆಯದು. ಕಂಪನಿಗೆ ರೆಸ್ಯೂಮ್ ಜೊತೆ ಒಂದು ಎಕ್ಸೆಲ್ ಶೀಟ್ ಹೋಗುತ್ತದೆ. ನಾವು ಅದನ್ನು ಟ್ರ್ಯಾಕರ್ ಅನ್ನುತ್ತೇವೆ. ಒಟ್ಟು ಅನುಭವ, ಈಗಿನ ಸಂಬಳ, ನಿರೀಕ್ಷೆ, ನೋಟಿಸ್ ಪೀರಿಯಡ್, ಊರು ಹೀಗೆ ಅದರಲ್ಲಿ ಕಾಲಂಗಳು. ಒಂದು ಕಾಲಂ ಖಾಲಿ ಇದ್ದರೂ ಆ ಸಾಲು ವಾಪಸ್ ಬರುತ್ತದೆ. ಹೆಚ್ಚಿಸಿ ಬರೆದರೆ ಆಫರ್ ಕೊಡುವ ಮುಂಚೆ ಮೂರು ತಿಂಗಳ ಪೇ ಸ್ಲಿಪ್ ಕೇಳಿದಾಗ ಸಿಕ್ಕಿಬೀಳುತ್ತಾರೆ.

ನಿರೀಕ್ಷೆ ಹೆಚ್ಚು ಹೇಳಿದರೆ ಕನ್ಸಲ್ಟೆಂಟ್‌ಗೂ ಲಾಭ, ಹಾಗಾಗಿ ಅವರು ಜಗ್ಗಾಡಿ ಏರಿಸುತ್ತಾರೆ ಎಂಬ ನಂಬಿಕೆಯೂ ಇದೆ. ಲೆಕ್ಕ ಹಾಕಿ ನೋಡಿ. 7.2 ಲಕ್ಷಕ್ಕೆ ನಮಗೆ ಬರುವುದು ಸುಮಾರು 60 ಸಾವಿರ. 7.8 ಲಕ್ಷಕ್ಕೆ ಏರಿಸಿದರೆ 65 ಸಾವಿರ. ಆ ಐದು ಸಾವಿರಕ್ಕಾಗಿ ಅರವತ್ತನ್ನು ಪಣಕ್ಕಿಡಲು ಯಾರೂ ತಯಾರಿಲ್ಲ. ನಮಗೆ ಬೇಕಾದದ್ದು ವ್ಯವಹಾರ ಕುದುರುವುದು. ಆದ್ದರಿಂದ ನೀವು ಬರೆದ ಕನಿಷ್ಠ ಅಂಕಿಯೇ ಬಹಳ ಸಲ ಚೌಕಾಶಿಯ ಮುಕ್ತಾಯವೂ ಆಗಿಬಿಡುತ್ತದೆ. ಅವನು 6.8 ಎಂದು ಬರೆದದ್ದು ನನಗೆ ಅನುಕೂಲವಾಯಿತು, ಅವನಿಗೆ ಅಷ್ಟೊಂದು ಅಲ್ಲ. ನನ್ನನ್ನು ಕೇಳಿದ್ದರೆ, ನಿಜವಾಗಿ ಅದಕ್ಕಿಂತ ಕಡಿಮೆಗೆ ಹೋಗಲಾರೆ ಎಂಬ ಒಂದೇ ಅಂಕಿಯನ್ನು ಬರೆ ಎನ್ನುತ್ತಿದ್ದೆ.

ಕೊನೆಯ ವಾಕ್ಯದ ಕಥೆ ಬೇರೆಯೇ ಇದೆ. ಅದನ್ನು ಬರೆಯುವ ಹೊತ್ತಿಗೆ ಅವನು ಮೂರು ಕನ್ಸಲ್ಟೆನ್ಸಿಗಳಿಗೆ ರೆಸ್ಯೂಮ್ ಕೊಟ್ಟಾಗಿತ್ತು. ಮೂರಕ್ಕೆ ಕೊಡುವುದು ತಪ್ಪೇನಲ್ಲ. ಆದರೆ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ನಾನು ಅವನನ್ನು ಕೇಳಿ ರೆಸ್ಯೂಮ್ ಕಳಿಸಿದಾಗ, ಅದು ಆಗಲೇ ಬಂದಿದೆ ಎಂಬ ಉತ್ತರ ಬಂತು. ಇನ್ನೊಂದು ಕನ್ಸಲ್ಟೆನ್ಸಿ ಅವನನ್ನು ಕೇಳದೆಯೇ ನಾಲ್ಕು ದಿನ ಮುಂಚೆ ಕಳಿಸಿತ್ತು, ಸಂಬಳದ ನಿರೀಕ್ಷೆಯನ್ನು 9 ಲಕ್ಷ ಎಂದು ತಾವೇ ತುಂಬಿ. ಒಬ್ಬನೇ ಮನುಷ್ಯ, ಎರಡು ಅಂಕಿ. ಸೇರಿಸಿಕೊಂಡರೆ ಹಣ ಯಾರಿಗೆ ಕೊಡಬೇಕೆಂಬ ಜಗಳ ಬೇರೆ. ಮೊದಲು ಕಳಿಸಿದವರ ಹಕ್ಕು ಇಂತಿಷ್ಟು ತಿಂಗಳು, ಹೆಚ್ಚಾಗಿ ಆರು ತಿಂಗಳು ನಡೆಯುತ್ತದೆ ಎಂದು ಅನೇಕ ಕಂಪನಿಗಳು ನಿಯಮ ಇಟ್ಟುಕೊಂಡಿರುತ್ತವೆ. ಎಚ್‌ಆರ್ ಮೇಡಂ ತಲೆಬಿಸಿ ಬೇಡವೆಂದು ಎರಡನ್ನೂ ಬದಿಗಿಟ್ಟರು. ಅವನಿಗೆ ಆ ಕೆಲಸ ತಪ್ಪಿದ್ದು ಹಾಗೆ.

ಅಂದಿನಿಂದ ಅವನು ಒಂದು ನೋಟ್ ಪುಸ್ತಕ ಇಟ್ಟ. ಯಾವ ಕಂಪನಿ, ಯಾವ ಕನ್ಸಲ್ಟೆನ್ಸಿ ಮೂಲಕ, ಯಾವ ತಾರೀಕು. ಹೆಸರು ಹೇಳಲು ಒಪ್ಪದೆ 'ಒಂದು ದೊಡ್ಡ ಎಂಎನ್‌ಸಿ' ಎಂದವರಿಗೆ, ಹೆಸರು ಹೇಳಿ ಆಮೇಲೆ ಕಳಿಸಿ ಎಂದ. ಅವರಲ್ಲಿ ಒಬ್ಬರು ಹೇಳಿದ ಹೆಸರು ಅವನ ಈಗಿನ ಕಂಪನಿಯ ಇನ್ನೊಂದು ಘಟಕದ್ದು. ಅವನೆದೆ ಧಸಕ್ಕೆಂದಿತಂತೆ.

ಅದೇ ತಿಂಗಳು ಅವನು ಹುಬ್ಬಳ್ಳಿಯ ಒಂದು ಆಹಾರ ಪದಾರ್ಥಗಳ ಕಾರ್ಖಾನೆಗೆ ನೇರವಾಗಿಯೂ ಬರೆದ. ನನಗೆ ತೋರಿಸಿದ. ನನಗೆ ಬರೆದದ್ದನ್ನೇ ಕಳಿಸಲು ಹೊರಟಿದ್ದ, ಈ ಸಲ ತಿರುವುಮುರುವಾದ ತಪ್ಪು! ಅವ್ವನ ಆರೋಗ್ಯ, 6.8, ನಾಲ್ಕು ದಿನದ ಪ್ರವಾಸ ಎಲ್ಲವನ್ನೂ ತೆಗೆಸಿದೆ. ಆ ಕಾರ್ಖಾನೆಗೆ ಬೇಕಾದದ್ದು ಅವನ ಬೇಡಿಕೆಗಳ ಪಟ್ಟಿಯಲ್ಲ, ತಮ್ಮ ಲೈನ್ ನಿಂತಾಗ ಇವನು ಏನು ಮಾಡಬಲ್ಲ ಎಂಬುದು. ಅದಕ್ಕೆ ಅವನು ಬರೆದದ್ದು ಒಂದು ಘಟನೆ: ಪೀಣ್ಯದಲ್ಲಿ ಪ್ಯಾಕಿಂಗ್ ಲೈನ್ ತಿಂಗಳಿಗೆ ಸುಮಾರು 14 ಗಂಟೆ ನಿಲ್ಲುತ್ತಿತ್ತು. ಮೋಟಾರ್ ಕೆಟ್ಟಿದೆ ಎಂದೇ ಎಲ್ಲರೂ ಮೋಟಾರ್ ಬಿಚ್ಚುತ್ತಿದ್ದರು. ಇವನು ನಿಂತ ಹೊತ್ತನ್ನೆಲ್ಲ ಬರೆದಿಟ್ಟು ನೋಡಿದಾಗ ತೊಳೆಯುವ ಪಾಳಿ ಮುಗಿದ ಮೇಲೆಯೇ ನಿಲ್ಲುತ್ತದೆಂದು ತಿಳಿಯಿತು. ಒಂದು ಸೆನ್ಸರ್‌ನ ಕನೆಕ್ಟರ್ ಒಳಗೆ ನೀರು ಹೋಗುತ್ತಿತ್ತು. ಬದಲಿಸಿದ ಮೇಲೆ ನಿಲ್ಲುವುದು 5 ಗಂಟೆಗೆ ಇಳಿಯಿತು. ಆಹಾರದ ಕಾರ್ಖಾನೆಯಲ್ಲಿ ತೊಳೆಯುವ ಪಾಳಿ ದಿನಾ ಇರುತ್ತದೆ, ಓದುವವರಿಗೆ ಕೂಡಲೇ ಅರ್ಥವಾಗುತ್ತದೆ. ಇದನ್ನೇ ನನಗೆ ಬರೆದಿದ್ದರೆ ಅರ್ಧಕ್ಕೆ ಕಣ್ಣು ಜಾರಿಸಿ ಸಂಬಳ ಎಲ್ಲಿದೆ ಎಂದು ಹುಡುಕುತ್ತಿದ್ದೆ.

ಇನ್ನು ದುಡ್ಡು ಕೇಳುವವರ ವಿಷಯ. ರಿಜಿಸ್ಟ್ರೇಷನ್, ಟ್ರೇನಿಂಗ್, ಆಫರ್ ಲೆಟರ್ ಚಾರ್ಜು ಎಂದು ಮೊದಲೇ ಹಣ ಕೇಳಿದರೆ, ಅವರಿಗೆ ದುಡ್ಡು ಕೊಡುವ ಕಂಪನಿ ಇಲ್ಲ ಎಂದು ತಿಳಿಯಿರಿ. ಕೊಲ್ಲಿ ದೇಶಗಳ ಕೆಲಸಕ್ಕೆ ಕಳಿಸುವ ಏಜೆಂಟರ ಕಾನೂನು ಬೇರೆ. ಅವರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿರಬೇಕು, ಅಭ್ಯರ್ಥಿಯಿಂದ ಸೇವಾ ಶುಲ್ಕ ಪಡೆಯಬಹುದು, ಆದರೆ ಅದಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿಯಿದೆ, ರಸೀದಿಯನ್ನೂ ಕೊಡಬೇಕು. ಮಂಗಳೂರು, ಉಡುಪಿ ಕಡೆಯವರು ಆ ರಸೀದಿ ಕೇಳಿ ಇಸಕೊಳ್ಳುವುದು ಒಳ್ಳೆಯದು.

ಹುಬ್ಬಳ್ಳಿಯವರು ಅವನನ್ನು ಇಂಟರ್‌ವ್ಯೂಗೆ ಕರೆದರು, ಕೆಲಸ ಆಗಲಿಲ್ಲ. ಮೂರು ತಿಂಗಳ ಮೇಲೆ ಧಾರವಾಡದ ಇನ್ನೊಂದು ಕಾರ್ಖಾನೆಗೆ ಆಳು ಬೇಕಾಯಿತು. 'ಪಿಎಲ್‌ಸಿ, ಧಾರವಾಡ' ಎಂದು ಟೈಪ್ ಮಾಡಿದೆ. ಮೂರನೇ ಸಾಲಿನಲ್ಲಿ ಅವನಿದ್ದ. ಕಂಪನಿಯ ಹೆಸರು ಬರೆದು, ಕಳಿಸಲೇ ಎಂದು ಮೆಸೇಜ್ ಹಾಕಿದೆ. ಹತ್ತು ನಿಮಿಷ ಉತ್ತರ ಬರಲಿಲ್ಲ. ನೋಟ್ ಪುಸ್ತಕ ತೆಗೆದು ನೋಡುತ್ತಿದ್ದನೋ ಏನೋ. ಆಮೇಲೆ ಬಂತು: 'ಅಲ್ಲಿಗೆ ಯಾರೂ ಕಳಿಸಿಲ್ರಿ ಮೇಡಂ. ನೀವ ಕಳಸ್ರಿ. 7.2 ಅಂತ ಹಾಕ್ರಿ.'